ಉಳ್ಳಾಗಡ್ಡಿ ಬಳ್ಳೊಳ್ಳಿಗೆ 60 ಬಿಟ್

ಹುಬ್ಬಳ್ಳಿಯ ಜನತಾ ಬಜಾರಿಗೆ ಹೊರಟವರ ಕೈಯಲ್ಲಿ ಒಂದು ಚೀಟಿ ಇದೆ ಅಂದುಕೊಳ್ಳಿ. ಅದರಲ್ಲಿ ಬರೆದಿರುವುದು ಎರಡೇ ಪದ: ಉಳ್ಳಾಗಡ್ಡಿ ಬಳ್ಳೊಳ್ಳಿ. ಇದನ್ನು ಸೊನ್ನೆ ಮತ್ತು ಒಂದರಲ್ಲೇ ಬರೆಯಬೇಕು, ಅದೂ ಆದಷ್ಟು ಚಿಕ್ಕದಾಗಿ. ಎಷ್ಟು ಬಿಟ್ ಬೇಕು?

ಮೊದಲು ಅಕ್ಷರ ಎಣಿಸೋಣ. ಕಂಪ್ಯೂಟರಿಗೆ ಒತ್ತಕ್ಷರ ಅನ್ನುವುದು ಬೇರೆ ಅಕ್ಷರವಲ್ಲ. ‘ಳ್ಳಾ’ ಅಂದರೆ ಅದರ ಲೆಕ್ಕದಲ್ಲಿ ಒಂದು ಳ, ಒಂದು ಹಲಂತ (್), ಇನ್ನೊಂದು ಳ, ಒಂದು ದೀರ್ಘದ ಚಿಹ್ನೆ (ಾ), ಒಟ್ಟು ನಾಲ್ಕು. ಹೀಗೆ ಬಿಡಿಸಿದರೆ ನಮ್ಮ ಚೀಟಿಯಲ್ಲಿ 20 ಅಕ್ಷರಗಳಿವೆ. ಳ ಆರು ಸಲ ಬಂದಿದೆ, ಹಲಂತ ನಾಲ್ಕು ಸಲ. ಡ ಮತ್ತು ಿ ಎರಡೆರಡು ಸಲ. ಉ, ಾ, ಗ, ಬ, ೊ ಮತ್ತು ಪದಗಳ ನಡುವಿನ ಖಾಲಿ ಜಾಗ ಒಂದೊಂದೇ ಸಲ.

ಮಾಮೂಲಿ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಖಾಲಿ ಜಾಗಕ್ಕೆ ಒಂದು. ಒಟ್ಟು 58 ಬೈಟ್, ಅಂದರೆ 464 ಬಿಟ್. ಇಡೀ ಜಗತ್ತಿನ ಲಿಪಿಗಳಿಗೆ ಜಾಗ ಇಟ್ಟಿರುವ ಪದ್ಧತಿ ಅದು, ಒಂದು ಚೀಟಿಗೆ ದುಬಾರಿಯೇ. ನಮ್ಮಲ್ಲಿರುವುದು ಹತ್ತೇ ಬಗೆಯ ಅಕ್ಷರ. ಒಂದೊಂದಕ್ಕೆ ನಾಲ್ಕು ಬಿಟ್ ಕೊಟ್ಟರೆ 80ರಲ್ಲಿ ಮುಗಿಯುತ್ತದೆ. ಆದರೆ ಆರು ಸಲ ಬರುವ ಳ ಮತ್ತು ಒಂದೇ ಸಲ ಬರುವ ಗ, ಎರಡಕ್ಕೂ ಸಮ ಖರ್ಚು ಯಾಕೆ? ಜಾಸ್ತಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಟ್ಟರೆ ಉಳಿತಾಯ, ಅಲ್ವಾ?

ಇಲ್ಲೊಂದು ತೊಡಕಿದೆ. ಳಗೆ 1 ಅಂತಲೂ ಹಲಂತಕ್ಕೆ 11 ಅಂತಲೂ ಕೊಟ್ಟರೆ, 11 ಕಂಡಾಗ ಅದು ಎರಡು ಳನೋ ಒಂದು ಹಲಂತವೋ ಗೊತ್ತಾಗುವುದಿಲ್ಲ. ನಡುವೆ ಗೆರೆ ಹಾಕಲು ನಮ್ಮ ಹತ್ತಿರ ಮೂರನೇ ಗುರುತಿಲ್ಲ. ಹಾಗಾಗಿ ಯಾವ ಸಂಕೇತವೂ ಇನ್ನೊಂದು ಸಂಕೇತದ ಆರಂಭದ ಭಾಗ ಆಗಿರಬಾರದು. ಇದನ್ನು ಪಾಲಿಸುವ ಸುಲಭ ದಾರಿ ಎಂದರೆ ಕವಲೊಡೆಯುವ ಮರ. ಬೇರಿನಿಂದ ಹೊರಟು ಎಡಕ್ಕೆ ಹೋದರೆ 0, ಬಲಕ್ಕೆ ಹೋದರೆ 1. ಅಕ್ಷರಗಳು ಎಲೆಗಳಲ್ಲಿ ಮಾತ್ರ ಕೂರುತ್ತವೆ. ಎಲೆಯಿಂದಾಚೆ ಕೊಂಬೆ ಇರುವುದಿಲ್ಲ, ಆದ್ದರಿಂದ ಗೊಂದಲವೂ ಇಲ್ಲ.

ಪ್ರಶ್ನೆ ಇರುವುದು ಅತಿ ಅಗ್ಗದ ಮರ ಕಟ್ಟುವುದು ಹೇಗೆ ಎಂಬುದರಲ್ಲಿ. ಅಕ್ಷರ ಎಷ್ಟು ಸಲ ಬಂತೋ ಅದೇ ಅದರ ತೂಕ ಅಂದುಕೊಂಡು, ಮೇಲಿನಿಂದ ಶುರುಮಾಡಿ ಅಕ್ಷರಗಳನ್ನು ಸರಿಸುಮಾರು ಸಮ ತೂಕದ ಎರಡು ಗುಂಪು ಮಾಡುತ್ತಾ ಇಳಿಯಬಹುದು. ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡುತ್ತಿದ್ದ ರಾಬರ್ಟ್ ಫಾನೋ ಹಾಗೇ ಮಾಡಿದ್ದರು. ನೋಡಲು ಸರಿ ಅನಿಸುತ್ತದೆ, ಆದರೆ ಯಾವಾಗಲೂ ಅತ್ಯುತ್ತಮ ಮರ ಸಿಗುವುದಿಲ್ಲ. ಐದು ಅಕ್ಷರಗಳು 15, 7, 6, 6, 5 ಸಲ ಬಂದಿವೆ ಅನ್ನಿ. ಫಾನೋ ದಾರಿಯಲ್ಲಿ 89 ಬಿಟ್ ಆಗುತ್ತದೆ. 87ರಲ್ಲೇ ಮುಗಿಸಬಹುದಿತ್ತು. 1951ರಲ್ಲಿ ಅವರ ತರಗತಿಯಲ್ಲಿದ್ದ ಡೇವಿಡ್ ಹಫ್‌ಮನ್, ಕೊನೆಯ ಪರೀಕ್ಷೆಯ ಬದಲು ಪ್ರಬಂಧ ಬರೆಯುವ ಆಯ್ಕೆ ತೆಗೆದುಕೊಂಡು ಇದೇ ಸಮಸ್ಯೆಗೆ ಕೈಹಾಕಿದರು. ಅವರು ಮರವನ್ನು ಕೆಳಗಿನಿಂದ ಕಟ್ಟಿದರು. 1952ರಲ್ಲಿ ಅದು ಅಚ್ಚಾಯಿತು.

ನಿಯಮ ಒಂದೇ. ಅತಿ ಕಡಿಮೆ ತೂಕದ ಎರಡನ್ನು ಹುಡುಕಿ, ಜೋಡಿಸಿ ಒಂದು ಗಂಟು ಮಾಡಿ, ಅವುಗಳ ತೂಕ ಕೂಡಿಸಿ ಗಂಟಿನ ಮೇಲೆ ಬರೆಯಿರಿ. ಆಮೇಲೆ ಆ ಗಂಟನ್ನೂ ಒಂದು ಅಕ್ಷರದ ಹಾಗೇ ನೋಡಿ. ಒಂದೇ ಗಂಟು ಉಳಿಯುವ ತನಕ ಇದನ್ನೇ ಮಾಡುತ್ತಿರಿ.

ನಮ್ಮ ಚೀಟಿಯಲ್ಲಿ ತೂಕ 1 ಇರುವವು ಆರು. ಉ ಮತ್ತು ಾ ಸೇರಿ 2. ಗ ಮತ್ತು ಖಾಲಿ ಜಾಗ ಸೇರಿ 2. ಬ ಮತ್ತು ೊ ಸೇರಿ 2. ಈಗ ನಮ್ಮ ಮುಂದಿರುವ ತೂಕಗಳು 2, 2, 2, 2, 2, 4, 6. ಮೊದಲ ಎರಡು ಗಂಟು ಕೂಡಿ 4 ಆಯಿತು. ಡ ಮತ್ತು ಿ ಕೂಡಿ ಇನ್ನೊಂದು 4. ಬ-ೊ ಗಂಟು ಒಂಟಿಯಾಯಿತು, ಅದನ್ನು ಹಲಂತದ ಜೊತೆ ಸೇರಿಸಿದರೆ 6. ಉಳಿದವು 4, 4, 6, 6. ನಾಲ್ಕು ನಾಲ್ಕು ಎಂಟು, ಆರು ಆರು ಹನ್ನೆರಡು, ಎರಡೂ ಸೇರಿ 20. ಅದೇ ಬೇರು. ಬೇರಿನಿಂದ ಎಲೆಗಳಿಗೆ ಇಳಿಯುತ್ತಾ 0, 1 ಓದಿದರೆ ಸಿಗುವುದು ಇದು:

```
ಳ   11
್   100
ಡ   010
ಿ   011
ಉ   0000
ಾ   0001
ಗ   0010
ಖಾಲಿ 0011
ಬ   1010
ೊ   1011
```

ಖರ್ಚು ಎಷ್ಟು? ಪ್ರತಿ ಜೋಡಣೆಯಲ್ಲಿ ಬಂದ ಮೊತ್ತಗಳನ್ನು ಸುಮ್ನೆ ಕೂಡಿಸಿದರೆ ಸಾಕು: 2+2+2+4+4+6+8+12+20, ಅಂದರೆ 60. ಒಂದು ಅಕ್ಷರ ಪ್ರತಿ ಸಲ ಜೋಡಣೆಗೆ ಸಿಕ್ಕಾಗಲೂ ಅದರ ಸಂಕೇತ ಒಂದು ಬಿಟ್ ಬೆಳೆಯುತ್ತದೆ, ಅದಕ್ಕೇ ಈ ಲೆಕ್ಕ ಸರಿಬರುತ್ತದೆ.

ಒಂಟಿ ಗಂಟನ್ನು ಹಲಂತದ ಬದಲು ಡ-ಿ ಗಂಟಿಗೆ ಕಟ್ಟಿದ್ದರೆ? ನಿಯಮ ಅದಕ್ಕೂ ಒಪ್ಪುತ್ತದೆ, ತೂಕ ಸಮ ಇದೆಯಲ್ಲ. ಆಗ ಹಲಂತಕ್ಕೆ ಎರಡೇ ಬಿಟ್ ಆಗುತ್ತದೆ, ಡ ಮತ್ತು ಿ ಗಳಿಗೆ ನಾಲ್ಕು ನಾಲ್ಕು. ಮರ ಬೇರೆ, ಮೊತ್ತ ಮಾತ್ರ ಅದೇ 60.

ಅಪರೂಪದ ಎರಡನ್ನೇ ಮೊದಲು ಜೋಡಿಸುವುದು ಯಾಕೆ ತಪ್ಪಾಗುವುದಿಲ್ಲ? ಒಳ್ಳೆಯ ಮರದಲ್ಲಿ ಅತಿ ಆಳದ ಎಲೆ ಒಂಟಿಯಾಗಿರಲು ಸಾಧ್ಯವಿಲ್ಲ. ಒಂಟಿಯಾಗಿದ್ದರೆ ಅದನ್ನು ಒಂದು ಮೆಟ್ಟಿಲು ಮೇಲಕ್ಕೆ ತಂದು ಬಿಟ್ ಉಳಿಸಬಹುದಿತ್ತು. ಹಾಗಾಗಿ ತಳದಲ್ಲಿ ಒಂದು ಜೋಡಿ ಇದ್ದೇ ಇರುತ್ತದೆ. ಆ ಜೋಡಿಯಲ್ಲಿ ಜಾಸ್ತಿ ಬರುವ ಅಕ್ಷರ ಕೂತಿದ್ದು ಅಪರೂಪದ್ದು ಮೇಲಿದ್ದರೆ, ಎರಡನ್ನೂ ಅದಲುಬದಲು ಮಾಡಿ. ಖರ್ಚು ಇಳಿಯಬಹುದೇ ಹೊರತು ಏರುವುದಿಲ್ಲ. ಅಂದಮೇಲೆ ಅತಿ ಅಪರೂಪದ ಎರಡನ್ನು ತಳದಲ್ಲಿ ಜೋಡಿಯಾಗಿ ಕೂರಿಸುವುದರಿಂದ ನಷ್ಟವಿಲ್ಲ. ಆಮೇಲೆ ಆ ಜೋಡಿಯನ್ನು ಒಂದೇ ಅಕ್ಷರ ಎಂದು ನೋಡಿದರೆ ಅದೇ ಸಮಸ್ಯೆ, ಒಂದು ಅಕ್ಷರ ಕಡಿಮೆ.

ಈಗ ‘ಉಳ್ಳಾ’ ಬರೆದು ನೋಡೋಣ: 0000 11 100 11 0001. ನಡುವಿನ ಜಾಗ ನಮ್ಮ ಕಣ್ಣಿಗಾಗಿ ಮಾತ್ರ, ಹೋಗುವುದು 000011100110001 ಎಂದೇ. ಓದುವವರು ಬೇರಿನಿಂದ ಇಳಿಯುತ್ತಾ ಎಲೆ ಸಿಕ್ಕಾಗ ಅಕ್ಷರ ಬರೆದುಕೊಂಡು ಮತ್ತೆ ಬೇರಿಗೆ ಬರುತ್ತಾರೆ. ಮೊದಲ ಬಿಟ್ ದಾರಿಯಲ್ಲಿ ಕೆಟ್ಟು 0 ಹೋಗಿ 1 ಆಯಿತು ಅನ್ನಿ. ಆಗ ಅದು 100 011 100 11 0001 ಎಂದು ಒಡೆಯುತ್ತದೆ: ಹಲಂತ, ಿ, ಹಲಂತ, ಳ, ಾ. ಕೆಟ್ಟಿದ್ದು ಒಂದು ಬಿಟ್, ಹಾಳಾಗಿದ್ದು ಮೊದಲ ಎರಡು ಅಕ್ಷರ. ಮೂರನೆಯದರಿಂದ ಓದು ತಾನಾಗಿಯೇ ದಾರಿಗೆ ಬಂತು. ಎಲ್ಲ ಸಲವೂ ಇಷ್ಟು ಬೇಗ ಸರಿಹೋಗುತ್ತದೆ ಎನ್ನುವ ಭರವಸೆ ಇಲ್ಲ.

ಇನ್ನೊಂದು ಮಾತು. ಓದುವವರಿಗೆ ಮರವನ್ನೂ ಕಳಿಸಬೇಕು. ಇಷ್ಟು ಸಣ್ಣ ಚೀಟಿಗೆ ಅದರ ಖರ್ಚೇ ಉಳಿತಾಯದ ಬಹುಭಾಗವನ್ನು ನುಂಗಿಬಿಡುತ್ತದೆ. ಒಂದೆರಡು ಸಾಲಿನ ಫೈಲನ್ನು ಝಿಪ್ ಮಾಡಿದರೆ ಅದು ದೊಡ್ಡದಾಗುವುದನ್ನು ನೀವೂ ನೋಡಿರಬಹುದು, ಫೈಲಿನ ಹೆಸರು, ಗಾತ್ರದಂಥ ವಿವರಗಳನ್ನೂ ಜೊತೆಗೆ ಬರೆದಿಡುವ ಮೇಲುಖರ್ಚೇ ಅದಕ್ಕೆ ಮುಖ್ಯ ಕಾರಣ. ದೊಡ್ಡ ಫೈಲಿನಲ್ಲಿ ಇಂಥ ಖರ್ಚುಗಳು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ 60ಕ್ಕಿಂತ ಕೆಳಗೆ ಇಳಿಯಲಾಗದೇ? ಬರೀ ಎಣಿಕೆ ಇಟ್ಟುಕೊಂಡರೆ ಗಣಿತ ಹಾಕಿರುವ ಗೆರೆ ಸುಮಾರು 58.9 ಬಿಟ್. ನಾವು ಅದಕ್ಕೆ ತಾಗಿಕೊಂಡೇ ಇದ್ದೇವೆ. ಆದರೆ ಹಫ್‌ಮನ್ ಮರಕ್ಕೆ ಎಷ್ಟು ಸಲ ಬಂತು ಎನ್ನುವುದಷ್ಟೇ ಗೊತ್ತು, ಯಾವುದರ ನಂತರ ಯಾವುದು ಬಂತು ಎನ್ನುವುದು ಗೊತ್ತಿಲ್ಲ. ಚೀಟಿಯ ಅಕ್ಷರಗಳನ್ನು ಕಲಸಿ ಅರ್ಥವಿಲ್ಲದ ಸಾಲು ಮಾಡಿದರೂ ಅದು 60 ಬಿಟ್ಟೇ ಕೇಳುತ್ತದೆ. ನಮ್ಮ ಚೀಟಿಯಲ್ಲಂತೂ ಹಲಂತ ಬಂದ ನಾಲ್ಕು ಕಡೆಯೂ ಹಿಂದಿದ್ದ ಅಕ್ಷರವೇ ಮುಂದೆ ಬರುತ್ತದೆ, ಮೂರು ಸಲ ಳ, ಒಂದು ಸಲ ಡ. ಮೊದಲೇ ಊಹಿಸಬಹುದಾದ ಅಕ್ಷರಕ್ಕೂ ಮರ ಪೂರ್ತಿ ದರ ತೆರುತ್ತದೆ. ಅದಕ್ಕೇ ಝಿಪ್ ಮೊದಲು ‘ಳ್ಳ’ದಂಥ ಮರುಕಳಿಸುವ ತುಣುಕುಗಳನ್ನು ಹುಡುಕಿ, ‘ಇಷ್ಟು ಹಿಂದೆ ಹೋಗಿ ಇಷ್ಟು ನಕಲು ಮಾಡು’ ಎಂಬ ಸೂಚನೆಗಳಾಗಿ ಬದಲಿಸುತ್ತದೆ. ಉಳಿದ ಅಕ್ಷರಗಳನ್ನೂ ಆ ಸೂಚನೆಗಳನ್ನೂ ಎಣಿಸಿ ಮರ ಕಟ್ಟುವುದು ಅದಾದ ಮೇಲೆ.