ಟೋರಿಕ್ ಲೆನ್ಸ್ ಕಣ್ಣಲ್ಲಿ ತಿರುಗಿ ಕೂತರೆ ಏನು ಮಾಡ್ತಾರೆ?

ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್, ಆಕ್ಸಿಸ್ ಅಂತ ಎರಡು ನಂಬರ್ ಇದ್ದರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ ಎಂದರ್ಥ. ಸಾಮಾನ್ಯವಾಗಿ ಇದಕ್ಕೆ ಕಾರಣ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ. ಅದು ಒಂದು ದಿಕ್ಕಿನಲ್ಲಿ ಜಾಸ್ತಿ ಬಾಗಿರುತ್ತದೆ, ಅಡ್ಡ ದಿಕ್ಕಿನಲ್ಲಿ ಕಡಿಮೆ. ಎಷ್ಟು ಪವರ್ ಹೆಚ್ಚುವರಿ ಬೇಕು ಅನ್ನೋದು ಸಿಲಿಂಡರ್, ಅದು ಯಾವ ಓರೆಯಲ್ಲಿ ಕೂರಬೇಕು ಅನ್ನೋದು ಆಕ್ಸಿಸ್. ಕನ್ನಡಕದಲ್ಲಿ ಈ ಓರೆಯನ್ನು ಫ್ರೇಮ್ ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿನ ಮೇಲೆ ತೇಲುವ ಕಾಂಟ್ಯಾಕ್ಟ್ ಲೆನ್ಸ್‌ಗೆ ಫ್ರೇಮ್ ಎಲ್ಲಿಂದ ಬರಬೇಕು?

ಮಾಮೂಲಿ ಸಾಫ್ಟ್ ಲೆನ್ಸ್‌ಗೆ ಈ ತಲೆನೋವಿಲ್ಲ. ಎಲ್ಲ ದಿಕ್ಕಿನಲ್ಲೂ ಒಂದೇ ಪವರ್, ಹಾಗಾಗಿ ಅದು ದಿನವಿಡೀ ಗಿರಗಿರ ತಿರುಗಿದರೂ ನಿಮಗೆ ಗೊತ್ತೇ ಆಗುವುದಿಲ್ಲ. ಟೋರಿಕ್ ಲೆನ್ಸ್ ಹಾಗಲ್ಲ, ಅದು ಸಿಲಿಂಡರ್ ಇರುವ ಕಾಂಟ್ಯಾಕ್ಟ್ ಲೆನ್ಸ್, ತಿರುಗಿದರೆ ಆಕ್ಸಿಸ್ ತಪ್ಪುತ್ತದೆ.

ತಿರುಗಿಸುವುದು ಮುಖ್ಯವಾಗಿ ರೆಪ್ಪೆಗಳು. ಕಣ್ಣು ಮಿಟುಕಿಸಿದಾಗ ರೆಪ್ಪೆ ನೇರವಾಗಿ ಮೇಲೆ ಕೆಳಗೆ ಮಾತ್ರ ಹೋಗುವುದಿಲ್ಲ, ಸ್ವಲ್ಪ ಮೂಗಿನ ಕಡೆಗೂ ಜಾರುತ್ತದೆ, ಲೆನ್ಸನ್ನೂ ಹಾಗೇ ತಳ್ಳುತ್ತದೆ. ಇದನ್ನು ತಡೆಯಲು ಬಳಸುವುದೂ ರೆಪ್ಪೆಯನ್ನೇ. ಕಲ್ಲಂಗಡಿ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಪಕ್ಕನೆ ಆಚೆ ಜಾರುತ್ತದೆ ಅಲ್ವಾ, ಹಾಗೆ ಲೆನ್ಸಿನ ದಪ್ಪ ಭಾಗವೂ ರೆಪ್ಪೆಯ ಒತ್ತಡದಿಂದ ಆಚೆ ಸರಿಯುತ್ತದೆ. ಅದಕ್ಕೇ ಕೆಲವು ಕಂಪನಿಗಳು ಲೆನ್ಸಿನ ಕೆಳಭಾಗವನ್ನು ದಪ್ಪ ಮಾಡುತ್ತವೆ, ಇನ್ನು ಕೆಲವು ಮೇಲೂ ಕೆಳಗೂ ತೆಳ್ಳಗೆ ಮಾಡಿ ದಪ್ಪವನ್ನು ಎರಡು ಪಕ್ಕಕ್ಕೆ ಬಿಡುತ್ತವೆ. ಕೆಳಗಿನ ಭಾರ ಲೆನ್ಸನ್ನು ನೆಟ್ಟಗೆ ಎಳೆಯುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅದರ ಪಾಲು ಸಣ್ಣದು, ದೊಡ್ಡ ಕೆಲಸ ರೆಪ್ಪೆಯದ್ದೇ. ರೆಪ್ಪೆಯ ಓರೆ, ಬಿಗಿ ಎಲ್ಲರಿಗೂ ಒಂದೇ ಥರ ಇರುವುದಿಲ್ಲವಾದ್ದರಿಂದ ಒಂದೇ ಲೆನ್ಸ್ ಒಬ್ಬರಲ್ಲಿ ನೆಟ್ಟಗೆ, ಇನ್ನೊಬ್ಬರಲ್ಲಿ ವಾಲಿ ಕೂರುತ್ತದೆ.

ಈಗ ಜಯನಗರದ ಒಂದು ಕಣ್ಣಿನ ಕ್ಲಿನಿಕ್‌ಗೆ ಒಬ್ಬರು ಬಂದರು ಎಂದುಕೊಳ್ಳಿ. ಬಲಗಣ್ಣಿನ ಪವರ್ −3.00, ಸಿಲಿಂಡರ್ −1.75, ಆಕ್ಸಿಸ್ 180. ಮಾಮೂಲಿ ಲೆನ್ಸ್ ಆಗಿದ್ದರೆ ಅದು ನಡುವೆ ಕೂತಿದೆಯಾ, ಮಿಟುಕಿಸಿದಾಗ ಸ್ವಲ್ಪ ಅಲುಗಾಡುತ್ತದಾ, ಬೋರ್ಡಿನ ಅಕ್ಷರ ಸ್ಪಷ್ಟವಾ ಎಂದು ನೋಡಿದರೆ ಹೆಚ್ಚುಕಡಿಮೆ ಮುಗಿಯಿತು. ಇಲ್ಲಿ ಇದೇ ನಂಬರಿನ ಟ್ರಯಲ್ ಲೆನ್ಸ್ ಹಾಕಿ, ಅದು ತನ್ನ ಜಾಗ ಹಿಡಿಯಲಿ ಎಂದು ಒಂದು 10-15 ನಿಮಿಷ ಸುಮ್ನೆ ಕೂರಿಸುತ್ತಾರೆ. ಆಮೇಲೆ ಸ್ಲಿಟ್ ಲ್ಯಾಂಪ್ ಎಂಬ ದೀಪವಿರುವ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಲೆನ್ಸಿನ ಮೇಲೆ ಕಂಡೂ ಕಾಣದಂಥ ಗೆರೆಯೋ ಚುಕ್ಕೆಯೋ ಇರುತ್ತದೆ. ಈ ಲೆನ್ಸಿನಲ್ಲಿ ಅದು 6 ಗಂಟೆಯ ಜಾಗದಲ್ಲಿ ಇರಬೇಕಿತ್ತು, ಆದರೆ ನೋಡುವವರ ಎಡಕ್ಕೆ 10 ಡಿಗ್ರಿ ಸರಿದಿದೆ.

ಬರೀ 10 ಡಿಗ್ರಿ ತಾನೇ ಅನ್ನಬೇಡಿ. ಇಷ್ಟಕ್ಕೇ ಸಿಲಿಂಡರಿನ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಸರಿಯಾಗದೆ ಉಳಿಯುತ್ತದೆ, ಇವರಿಗೆ ಸುಮಾರು 0.6 ಡಯಾಪ್ಟರ್. ಬಸ್ಸಿನ ಬೋರ್ಡ್ ಓದುವಾಗ ಅಕ್ಷರದ ಅಂಚಿನಲ್ಲಿ ನೆರಳು ಕಾಣಲು ಅದು ಸಾಕು. 30 ಡಿಗ್ರಿ ತಿರುಗಿದರೆ ಪೂರ್ತಿ ಸಿಲಿಂಡರ್‌ನಷ್ಟೇ ದೋಷ ಬೇರೆ ಓರೆಯಲ್ಲಿ ಉಳಿಯುತ್ತದೆ, ಟೋರಿಕ್ ಹಾಕಿದ್ದೇ ದಂಡ.

ಲೆನ್ಸನ್ನು ಬೆರಳಲ್ಲಿ ತಿರುಗಿಸಿ ಸರಿಮಾಡಲು ಆಗುವುದಿಲ್ಲ, ನಾಲ್ಕು ಸಲ ಮಿಟುಕಿಸಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಲೆನ್ಸ್ ವಾಲುವುದನ್ನು ಒಪ್ಪಿಕೊಂಡು ನಂಬರ್ ಬದಲಿಸುತ್ತಾರೆ. ನೋಡುವವರ ಎಡಕ್ಕೆ ತಿರುಗಿದ್ದರೆ ಆಕ್ಸಿಸ್‌ಗೆ ಕೂಡು, ಬಲಕ್ಕಾದರೆ ಕಳೆ. 180ಕ್ಕೆ 10 ಕೂಡಿದರೆ 190. ಆಕ್ಸಿಸ್ 180ಕ್ಕೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವುದರಿಂದ ಅದನ್ನು 10 ಎಂದು ಬರೆಯುತ್ತಾರೆ. ಹೊಸ ಲೆನ್ಸಿನ ಗೆರೆಯೂ ಎಡಕ್ಕೆ 10 ಡಿಗ್ರಿ ವಾಲಿಯೇ ಕೂರುತ್ತದೆ, ಕೂರಬೇಕು ಕೂಡ. ಅದು ವಾಲಿದಾಗಲೇ ಸಿಲಿಂಡರ್ ಸರಿಯಾಗಿ 180ಕ್ಕೆ ಬರುವುದು.

ಆದರೆ ಈ ಲೆಕ್ಕ ನಡೆಯುವುದು ಲೆನ್ಸ್ ಪ್ರತಿ ಸಲ ಅದೇ ಜಾಗಕ್ಕೆ ವಾಪಸ್ ಬಂದರೆ ಮಾತ್ರ. ಒಮ್ಮೆ ಎಡಕ್ಕೆ 5, ಇನ್ನೊಮ್ಮೆ ಬಲಕ್ಕೆ 15 ಅಂತ ಅಲೆಯುತ್ತಿದ್ದರೆ ಎಷ್ಟು ಅಂತ ಕೂಡುತ್ತೀರಿ? ಅಂಥ ಲೆನ್ಸ್ ಹಾಕಿದವರು ಮಿಟುಕಿಸಿದಾಗೊಮ್ಮೆ ಮಂಜಾಗಿ ಆಮೇಲೆ ತಿಳಿಯಾಗುತ್ತದೆ ಅನ್ನುತ್ತಾರೆ. ಆಗ ನಂಬರ್ ಮುಟ್ಟದೆ ಲೆನ್ಸಿನ ಅಳತೆಯನ್ನೋ ವಿನ್ಯಾಸವನ್ನೋ ಬದಲಿಸಬೇಕು. ಇದನ್ನು ನೋಡದೆ ಸುಮ್ನೆ ಆಕ್ಸಿಸ್ ತಿದ್ದಿ ಕಳಿಸುವವರೂ ಇದ್ದಾರೆ, ಅದು ಅರ್ಧ ಕೆಲಸ ಅಂತಲೇ ನನ್ನ ಲೆಕ್ಕ.

ಇನ್ನೊಂದು ವಿಷಯ. ಇವರ ಕನ್ನಡಕದ ಚೀಟಿಯಲ್ಲಿ 180, ಲೆನ್ಸ್ ಡಬ್ಬಿಯ ಮೇಲೆ 10. ಎರಡೂ ಸರಿ. ಡಬ್ಬಿ ಮುಗಿದಾಗ ಕನ್ನಡಕದ ಚೀಟಿ ನೋಡಿ ಆನ್‌ಲೈನಲ್ಲಿ 180 ತರಿಸಿಕೊಂಡರೆ ಹಳೇ ನೆರಳು ಹಾಜರ್. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಕಂಪನಿಯದ್ದನ್ನು 10ರಲ್ಲೇ ತರಿಸಿದರೂ ಭರವಸೆ ಇಲ್ಲ. ಅದು ಇದೇ ಕಣ್ಣಲ್ಲಿ ನೆಟ್ಟಗೆ ಕೂರಬಹುದು, ಆಗ ಅದೇ 10 ತಪ್ಪು ನಂಬರ್ ಆಗುತ್ತದೆ. ಕಂಪನಿ ಬದಲಿಸುವುದಾದರೆ ಟ್ರಯಲ್ ಮತ್ತೆ ಮೊದಲಿನಿಂದ ಮಾಡಿಸಬೇಕು, ಒಂದೊಂದು ಕಣ್ಣಿಗೂ ಬೇರೆ ಬೇರೆಯಾಗಿ.