ದುಡ್ಡು ಕೊಟ್ಟಿಲ್ಲ ಅಂದ ಮಾತ್ರಕ್ಕೆ ಮಾಲು ಅವರದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪಂಪ್‌ಸೆಟ್ ಅಂಗಡಿ. ಡಿಸ್ಟ್ರಿಬ್ಯೂಟರ್ ಹತ್ತು ಮೊನೊಬ್ಲಾಕ್ ಮೋಟರ್ ಇಳಿಸಿ, ಮಾರಿದ ಮೇಲೆ ದುಡ್ಡು ಕೊಡಿ ಅಂದರು. ಮೂರು ಮಾರಿದೆ. ಮಳೆನೀರು ಗೋಡೌನ್‌ಗೆ ನುಗ್ಗಿ ಎರಡು ಹಾಳಾದವು. ನಾನಿನ್ನೂ ದುಡ್ಡು ಕೊಟ್ಟಿಲ್ಲ, ನಷ್ಟ ಅವರದೇ ಅಲ್ವಾ ಸರ್?

ಉತ್ತರ: ಈ ಪ್ರಶ್ನೆ ಪ್ರತಿ ಮಳೆಗಾಲಕ್ಕೂ ಬರುತ್ತದೆ, ಪ್ರತಿ ಸಲವೂ ಕೊನೆಯ ಸಾಲು ಇದೇ. ದುಡ್ಡು ಕೊಟ್ಟಿದ್ದೀರೋ ಇಲ್ವೋ ಅನ್ನೋದಕ್ಕೂ ಮಾಲು ಯಾರದು ಅನ್ನೋದಕ್ಕೂ ನೇರ ಸಂಬಂಧ ಇಲ್ಲ. ಮೊದಲು ಒಂದು ಕಾಗದ ಹುಡುಕಿ. ಮಾಲಿನ ಜೊತೆ ಬಂದದ್ದು ಟ್ಯಾಕ್ಸ್ ಇನ್‌ವಾಯ್ಸೋ, ಡೆಲಿವರಿ ಚಲನ್ನೋ?

ಇನ್‌ವಾಯ್ಸ್ ಬಂದು, ನೀವು ಅದನ್ನು ಖರೀದಿಗೆ ಹಾಕಿಕೊಂಡು, ಜಿಎಸ್‌ಟಿ ಕ್ರೆಡಿಟ್ ಕೂಡ ತಗೊಂಡಿದ್ದರೆ ಅದು ಸಾಲದ ವ್ಯಾಪಾರ. ಹತ್ತೂ ಮೋಟರ್ ನಿಮ್ಮವೇ. 1930ರ ಸರಕು ಮಾರಾಟ ಕಾಯ್ದೆಯ 20ನೇ ಸೆಕ್ಷನ್ ಇದನ್ನು ಬಿಡಿಸಿಯೇ ಹೇಳುತ್ತದೆ: ಗೊತ್ತುಪಡಿಸಿದ, ಕೊಡೋಕೆ ಸಿದ್ಧವಿರುವ ಮಾಲನ್ನು ಷರತ್ತಿಲ್ಲದೆ ಮಾರಿದರೆ ಒಪ್ಪಂದವಾದಾಗಲೇ ಒಡೆತನ ದಾಟುತ್ತದೆ, ದುಡ್ಡು ಕೊಡೋದು ಮುಂದಕ್ಕೆ ಹೋದರೂ ಸರಿ. 26ನೇ ಸೆಕ್ಷನ್ ಪ್ರಕಾರ ಒಡೆತನದ ಹಿಂದೆಯೇ ನಷ್ಟದ ಹೊರೆಯೂ ಬರುತ್ತದೆ. ಬೇರೆ ಷರತ್ತು ಬರೆದುಕೊಂಡಿದ್ದರೆ ಮಾತು ಬೇರೆ, ಆದರೆ ನಮ್ಮೂರಲ್ಲಿ ಯಾರು ಬರೆದುಕೊಳ್ತಾರೆ? "ನಿಧಾನಕ್ಕೆ ಕೊಡಿ ಅಣ್ಣಾ" ಅಂತ ಅವರು ಹೇಳಿದ್ದು ಗಡುವು ಕೊಟ್ಟಿದ್ದು, ಮಾಲನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡಿದ್ದಲ್ಲ. ಮೋಟರ್‌ಗೆ ₹18,000 ಅಂದುಕೊಳ್ಳಿ. ಆಗ ಎರಡರ ₹36,000 ನಿಮ್ಮ ನಷ್ಟ. ಜೊತೆಗೆ, ಮಾಲು ನಾಶವಾದರೆ ಅದರ ಮೇಲೆ ತಗೊಂಡ ಕ್ರೆಡಿಟ್ಟನ್ನೂ ವಾಪಸ್ ಮಾಡಬೇಕು. (ಸಬ್‌ಮರ್ಸಿಬಲ್ ಆಗಿದ್ದರೆ ನೀರಿಗೆ ಹೆದರುತ್ತಿರಲಿಲ್ಲ, ಬಿಡಿ.)

ಚಲನ್ ಮೇಲೆ ಬಂದು, ಮಾರಾಟವಾಗದ್ದು ವಾಪಸ್ ಅಂತ ಮಾತಾಗಿದ್ದರೆ ಕಥೆ ಬೇರೆ. ನಿಮ್ಮ ಗೋಡೌನಲ್ಲಿದ್ದರೂ ಒಡೆಯ ಅವರೇ. ಒಂದು ಮೋಟರನ್ನು ನೀವು ರೈತನಿಗೆ ಮಾರಿದ ಕ್ಷಣ ಅದು ನಿಮ್ಮದಾಗುತ್ತದೆ, ಅವರು ನಿಮಗೆ ಬಿಲ್ ಮಾಡುತ್ತಾರೆ. ಮೂರು ಮಾರಿದ್ದೀರಿ, ಅಂದರೆ ಬಾಕಿ ₹54,000 ಮಾತ್ರ. ಹಾಳಾದ ಎರಡು ಅವರ ನಷ್ಟ. ಆದರೆ ಸುಮ್ನೆ ಕೈ ತೊಳ್ಕೊಳ್ಳೋಕಾಗಲ್ಲ. ಬೇರೆಯವರ ಮಾಲು ಇಟ್ಟುಕೊಂಡವರು ತಮ್ಮದೇ ಮಾಲಿನಷ್ಟು ಜೋಪಾನ ಮಾಡಬೇಕು. ಹೋದ ವರ್ಷವೂ ನೀರು ನುಗ್ಗಿದ ಗೋಡೌನಲ್ಲಿ ನೆಲದ ಮೇಲೇ ಇಟ್ಟಿದ್ದಿರಾದರೆ ಅವರು ನಿಮ್ಮ ಕುತ್ತಿಗೆಗೇ ಬರುತ್ತಾರೆ, ಜೋಪಾನವಾಗಿ ಇಟ್ಟಿದ್ದೆ ಅಂತ ತೋರಿಸೋ ಹೊಣೆಯೂ ನಿಮ್ಮದೇ. ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿರಬೇಡಿ. ಸಾಮಾನ್ಯ ಫೈರ್ ಪಾಲಿಸಿಯಲ್ಲಿ ಬೇರೆಯವರ ಪರವಾಗಿ ಇಟ್ಟ ಮಾಲು ಪ್ರತ್ಯೇಕವಾಗಿ ಬರೆಸದೆ ಸೇರುವುದಿಲ್ಲ.

ಹೀಗೆ ಬಂದ ಮಾಲನ್ನು ಖರೀದಿ ಅಂತ ಎಂಟ್ರಿ ಹಾಕಬೇಡಿ. ಒಂದು ಬೇರೆ ರಿಜಿಸ್ಟರ್ ಸಾಕು: ಚಲನ್ ನಂಬರ್, ಸೀರಿಯಲ್ ನಂಬರ್, ಬಂದ ದಿನ, ಮಾರಿದ ದಿನ. ಟ್ಯಾಲಿ ಬಳಸೋರು ಬೇರೆಯವರ ಮಾಲಿಗೇ ಒಂದು ಗೋಡೌನ್ ಮಾಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಪುಸ್ತಕದಲ್ಲಿ ಉಳಿದ ಮೋಟರ್ ಮಾರ್ಚ್ 31ಕ್ಕೂ ಅವರ ಸ್ಟಾಕೇ, ಮಾರಾಟವಲ್ಲ. ಮರೆಯಬಾರದ ಒಂದು ಗಡುವಿದೆ: ಕಳಿಸಿ ಆರು ತಿಂಗಳಾದರೆ ಮಾರಾಟವಾಗದಿದ್ದರೂ ಜಿಎಸ್‌ಟಿ ಬಿಲ್ ಹಾಕಲೇಬೇಕು, ಇಲ್ಲ ಅಷ್ಟರೊಳಗೆ ಮಾಲು ವಾಪಸ್ ತಗೊಳ್ಳಬೇಕು. ನೀವು ಅವರ ಏಜೆಂಟ್ ಆಗಿ ಅವರ ಮಾಲಿಗೆ ನಿಮ್ಮ ಹೆಸರಲ್ಲಿ ಬಿಲ್ ಹರಿಯುತ್ತಿದ್ದರೆ ಈ ಆರು ತಿಂಗಳ ಸೌಲಭ್ಯ ಇಲ್ಲ, ಮಾಲು ಕಳಿಸಿದಾಗಲೇ ತೆರಿಗೆ.

ಬ್ಯಾಂಕ್ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿಸಿ ಲಿಮಿಟ್‌ಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ಗೆ ಈ ಮೋಟರ್‌ಗಳನ್ನು ಸೇರಿಸುವವರು ಜಾಸ್ತಿ. ನಿಮ್ಮದಲ್ಲದ ಮಾಲನ್ನು ಅಡ ಇಟ್ಟ ಹಾಗೆ ಅದು. ಇನ್ಸ್‌ಪೆಕ್ಷನ್‌ಗೆ ಬಂದವರು ಖರೀದಿ ಬಿಲ್ ಕೇಳಿದರೆ ಏನು ತೋರಿಸುತ್ತೀರಿ?

ಹಾಗೇ ರೈಸ್ ಮಿಲ್‌ನವರೂ ಗಮನಿಸಿ. ರಬ್ಬರ್ ರೋಲ್ ಸಪ್ಲೈ ಮಾಡೋ ಹುಡುಗ ವಾರಕ್ಕೊಮ್ಮೆ ಬಂದು ರ‍್ಯಾಕ್ ನೋಡಿ, ಖಾಲಿಯಾದಷ್ಟು ತುಂಬಿ ಹೋಗುತ್ತಾನಲ್ಲ, ಅದನ್ನು ವೆಂಡರ್ ಮ್ಯಾನೇಜ್ಡ್ ಸ್ಟಾಕ್ ಅಂತಾರೆ. ಎಷ್ಟು ತುಂಬಬೇಕು ಅನ್ನೋ ತೀರ್ಮಾನ ಅವನದು, ಅಷ್ಟೇ. ತುಂಬಿದ ದಿನವೇ ಬಿಲ್ ಬಂದರೆ ರೋಲ್ ನಿಮ್ಮದು. ರ‍್ಯಾಕ್‌ನಿಂದ ತೆಗೆದಾಗ ಬಿಲ್ ಅಂತ ಒಪ್ಪಿದ್ದರೆ ಅಲ್ಲಿವರೆಗೆ ಅವರದು. ಎಣಿಕೆಯಲ್ಲಿ ಎರಡು ರೋಲ್ ಕಮ್ಮಿ ಬಂದರೆ ಯಾರು ಕಟ್ಟಿಕೊಡಬೇಕು ಅನ್ನೋದನ್ನು ಮೊದಲೇ ಬರೆದಿಡಿ, ಜಗಳ ಬರೋದೇ ಅಲ್ಲಿ.