ಚಾವಣಿಗೆ ಬೇರೆ ಬಣ್ಣ ಬೇಕೇ? ಒಂಬತ್ತಡಿ ಕೋಣೆಯ ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಚಿಕ್ಕಮ್ಮನ ಫ್ಲ್ಯಾಟ್ ಇದೆ. ಅದರ ಮಲಗುವ ಕೋಣೆ 10 ಅಡಿಗೆ 11 ಅಡಿ, ನೆಲದಿಂದ ಸ್ಲ್ಯಾಬಿನ ಅಡಿಗೆ 9 ಅಡಿ 3 ಇಂಚು. ಬಾಗಿಲ ಮೇಲೆ ಒಂದು ಅಟ್ಟ, ನಡುವೆ ಅಡ್ಡಲಾಗಿ ಒಂದು ಬೀಮು. ಗೋಡೆಗೆ ಮೊದಲಿನಿಂದಲೂ ಗಾಢ ನವಿಲು ಹಸಿರು. "ಒಳಗೆ ಬಂದ್ರೆ ತಲೆ ಮೇಲೆ ಏನೋ ಕೂತ ಹಾಗಿರತ್ತೆ ಕಣೇ" ಎನ್ನುವುದು ಅವರ ದೂರು. ಪೇಂಟಿಂಗ್ ಮೇಸ್ತ್ರಿ ನೋಡಿ ಹೇಳಿದ್ದು ಹೀಗೆ: "ಹಸಿರು ಹಾಗೇ ಇರ್ಲಿ ಅಮ್ಮ, ಮೇಲೆ ಬೆಳ್ಳಗೆ ವೈಟ್ ಹೊಡೆಯೋಣ. ಡಿಫರೆನ್ಸ್ ಬಂದಷ್ಟೂ ಎತ್ತರ ಕಾಣತ್ತೆ." ಈ ಮಾತು ಅರ್ಧ ಸರಿ, ಅರ್ಧ ತಪ್ಪು. ತಪ್ಪಾದ ಅರ್ಧವನ್ನು ಬಿಡಿಸಿಕೊಳ್ಳುವುದಕ್ಕೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಜರ್ಮನಿಯ ಸಂಶೋಧಕರಾದ ಓಬರ್‌ಫೆಲ್ಡ್, ಹೆಖ್ಟ್ ಮತ್ತು ಗಾಮರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಾವಣಿ, ಗೋಡೆ, ನೆಲಗಳ ತಿಳಿತನವನ್ನು ಬೇರೆ ಬೇರೆಯಾಗಿ ಬದಲಿಸಿದ ಕೋಣೆಗಳನ್ನು ತೋರಿಸಿ, ಎತ್ತರ ಎಷ್ಟೆಂದು ನೋಡುವವರನ್ನು ಕೇಳಿದರು. ಚಾವಣಿ ತಿಳಿಯಾದಷ್ಟೂ ಕೋಣೆ ಎತ್ತರ ಅನ್ನಿಸಿತು. ಇದು ಎಲ್ಲರೂ ನಿರೀಕ್ಷಿಸಿದ್ದೇ. ಆದರೆ ಗೋಡೆ ತಿಳಿಯಾದಾಗಲೂ ಎತ್ತರ ಅನ್ನಿಸಿತು, ಮತ್ತು ಈ ಎರಡು ಪರಿಣಾಮಗಳು ಒಂದಕ್ಕೊಂದು ಕೂಡಿಕೊಂಡವು. ಚಾವಣಿಗೂ ಗೋಡೆಗೂ ನಡುವಿನ ವ್ಯತ್ಯಾಸಕ್ಕೆ ಅದರದೇ ಆದ ಶಕ್ತಿ ಕಾಣಲಿಲ್ಲ. ನೆಲದ ತಿಳಿತನ ಎತ್ತರದ ಅಂದಾಜನ್ನು ಬದಲಿಸಲಿಲ್ಲ.

ಇದರ ಅರ್ಥವನ್ನು ನಿಧಾನವಾಗಿ ನೋಡಿ. ವ್ಯತ್ಯಾಸವೇ ಎತ್ತರ ಕೊಡುವುದಾದರೆ ಗೋಡೆಯನ್ನು ಗಾಢ ಮಾಡಿದಷ್ಟೂ ಲಾಭವಾಗಬೇಕಿತ್ತು. ನಿಜದಲ್ಲಿ ಗೋಡೆ ಗಾಢವಾದರೆ ಗೋಡೆಯ ಪಾಲಿನ ಲಾಭ ಹೋಗುತ್ತದೆ. ಮೇಸ್ತ್ರಿ ಹೇಳಿದ ಬಿಳಿ ಚಾವಣಿ ಒಂದು ಕೈಯಲ್ಲಿ ಕೊಡುವುದನ್ನು ಹಸಿರು ಗೋಡೆ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಹಾಗಾಗಿ "ಬೇರೆ ಬಣ್ಣ ಬೇಕೇ" ಎನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಗೋಡೆ ಎಷ್ಟು ತಿಳಿ, ಚಾವಣಿ ಎಷ್ಟು ತಿಳಿ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಬಣ್ಣ ಬೇರೆಯಾಗುವುದು ಆ ಉತ್ತರಗಳಿಂದ ತಾನಾಗಿ ಬರುವ ಫಲ.

ಈಗ ಲೆಕ್ಕ. ಹಲವು ಬಣ್ಣದ ಕಂಪನಿಗಳು ಶೇಡ್‌ನ ಜೊತೆ ಎಲ್‌ಆರ್‌ವಿ ಎಂಬ ಸಂಖ್ಯೆ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂತಿರುಗುತ್ತದೆ ಎಂಬುದರ ಅಳತೆ ಅದು. ಒಳ್ಳೆಯ ಬಿಳಿಗೆ 85ರ ಆಸುಪಾಸು, ಕೆನೆ ಬಣ್ಣಕ್ಕೆ 65ರಿಂದ 75. ಚಿಕ್ಕಮ್ಮನ ಹಸಿರು ಸುಮಾರು 25. ಆದರೆ ನಮ್ಮ ಕಣ್ಣು ಈ ಸಂಖ್ಯೆಯನ್ನು ನೇರವಾಗಿ ಓದುವುದಿಲ್ಲ. 25 ಎಲ್‌ಆರ್‌ವಿ ಇರುವುದು ಕಪ್ಪು–ಬಿಳಿಯ ನಡುವೆ ಆಗಲೇ ಅರ್ಧಕ್ಕಿಂತ ಮೇಲೆ ಇದ್ದಂತೆ ಕಾಣುತ್ತದೆ. ಕಣ್ಣಿಗೆ ಕಾಣುವ ತಿಳಿತನಕ್ಕೆ ಸೊನ್ನೆಯಿಂದ ನೂರರ ಒಂದು ಮಾನಕವಿದೆ. ಅದರಲ್ಲಿ ಎಲ್‌ಆರ್‌ವಿ 25 ಸುಮಾರು 57 ಆಗುತ್ತದೆ, 65 ಸುಮಾರು 84, 85 ಸುಮಾರು 94. ಸೂತ್ರ ಬೇಕಾದವರಿಗೆ, L* ಎಂದರೆ ಈ ಕಾಣುವ ತಿಳಿತನ, LRV ಎಂದರೆ ಎಲ್‌ಆರ್‌ವಿ:

```
L* = 116 × (LRV/100)^(1/3) − 16
```

ಸಾಧ್ಯವಿದ್ದ ನಾಲ್ಕು ಜೋಡಿಗಳನ್ನು ಇದರಲ್ಲಿ ಇಟ್ಟು ನೋಡಿದೆ. ಚಾವಣಿಗೂ ಗೋಡೆಗೂ ಒಂದೇ ತೂಕ ಎಂದು ಹಿಡಿದದ್ದು ನನ್ನ ಸರಳೀಕರಣ. ಆದ್ದರಿಂದ ಕೂಡಿದ ಮೊತ್ತವನ್ನು ಜೋಡಿಗಳ ಹೋಲಿಕೆಗಷ್ಟೇ ಬಳಸಿ, ಅಡಿ ಇಂಚುಗಳಿಗಲ್ಲ. ಹಸಿರು ಗೋಡೆ, ಬಿಳಿ ಚಾವಣಿ: 57 + 94 = 151. ಕೆನೆ ಗೋಡೆ, ಬಿಳಿ ಚಾವಣಿ: 84 + 94 = 178. ಗೋಡೆ ಚಾವಣಿ ಎರಡೂ ಅದೇ ಕೆನೆ: 84 + 84 = 168. ಬಿಳಿ ಗೋಡೆ, ಹಸಿರು ಚಾವಣಿ: ಮತ್ತೆ 151. ಮೇಸ್ತ್ರಿಯ ಜೋಡಿಗಿಂತ ಎಲ್ಲ ಕಡೆ ಒಂದೇ ಕೆನೆ ಬಳಿದದ್ದು ಮುಂದಿದೆ. ವ್ಯತ್ಯಾಸ ಪೂರ್ತಿ ಸೊನ್ನೆಯಾದರೂ ಮುಂದಿದೆ! ಈ ಸಾಲು ಬರೆದುಕೊಂಡ ದಿನ ನನಗೆ ನಿಜಕ್ಕೂ ಖುಷಿಯಾಯಿತು. ವರ್ಷಗಟ್ಟಲೆ ಕೇಳಿದ್ದ ಮಾತು ಎಲ್ಲಿ ಜಾರುತ್ತದೆ ಎನ್ನುವುದು ಅಲ್ಲಿ ಕಾಣಿಸಿತು.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಸಿಗುತ್ತದೆ. ಬಿಳಿ ಶೇಡುಗಳಲ್ಲಿ 82 ಒಳ್ಳೆಯದೋ 88 ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಕಣ್ಣಿನ ಮಾನಕದಲ್ಲಿ ಅದು ಮೂರು ಅಂಶದಷ್ಟೂ ಇಲ್ಲ. ಗೋಡೆಯನ್ನು 25ರಿಂದ 65ಕ್ಕೆ ತಂದರೆ 27 ಅಂಶ.

ಹಾಗಾದರೆ ಚಾವಣಿಯನ್ನು ಗೋಡೆಗಿಂತ ಬೆಳ್ಳಗೆ ಮಾಡಲು ಕಾರಣವೇ ಇಲ್ಲವೇ? ಇದೆ, ಮತ್ತು ಅದು ಬೆಳಕಿಗೆ ಸೇರಿದ್ದು. ಹಗಲಿನಲ್ಲಿ ಕಿಟಕಿಯ ಬೆಳಕು ನೆಲದ ಮೇಲೆ, ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಚಾವಣಿಗೆ ಸಿಗುವುದು ಬಹುಪಾಲು ಅಲ್ಲಿಂದ ಪುಟಿದು ಬಂದ ಬೆಳಕು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಕಿಟಕಿಯ ಹೊರಗೆ ಸಜ್ಜಾ, ಅದರಾಚೆ ಕೆಲವೇ ಅಡಿ ದೂರದಲ್ಲಿ ಪಕ್ಕದ ಕಟ್ಟಡ. ಬರುವ ಬೆಳಕೇ ಕಡಿಮೆ. ಚಿಕ್ಕಮ್ಮನ ಕೋಣೆಯಲ್ಲಿ ಬೆಳಗ್ಗೆ 11 ಗಂಟೆಗೆ ಫೋನಿನ ಲಕ್ಸ್ ಮೀಟರ್ ಆ್ಯಪ್ ಇಟ್ಟು ಅಳೆದೆ. ಫೋನಿನ ಬೆನ್ನು ಗೋಡೆಗೆ ಒತ್ತಿ, ಸೆನ್ಸರ್ ಇರುವ ಮುಖ ಕೋಣೆಯತ್ತ ಇರಬೇಕು. ಎದುರು ಗೋಡೆಗೆ 220, ಸ್ಟೂಲ್ ಹತ್ತಿ ಚಾವಣಿಗೆ 60. ಫೋನಿನ ಅಳತೆ ಅಷ್ಟು ನಿಖರವಲ್ಲ, ಆದರೆ ಒಂದೇ ಫೋನಿನಲ್ಲಿ ಒಂದೇ ಹೊತ್ತಿಗೆ ತೆಗೆದ ಎರಡು ಅಂಕಿಗಳ ಅನುಪಾತವನ್ನು ನಂಬಬಹುದು. ಬೀಳುವ ಬೆಳಕು ಇಷ್ಟೇ ಎಂದು ಹಿಡಿದು, ಎರಡಕ್ಕೂ 65ರ ಕೆನೆ ಬಳಿದರೆ ಗೋಡೆಯಿಂದ ಹಿಂತಿರುಗುವುದು 220 × 0.65 = 143, ಚಾವಣಿಯಿಂದ 60 × 0.65 = 39. ಚಾವಣಿಗೆ 85ರ ಬಿಳಿ ಬಳಿದರೆ 51. ಬಿಳಿ ಬಳಿದರೂ ಅದು ಕೆನೆ ಗೋಡೆಯ ಮೂರನೇ ಒಂದು ಪಾಲಿನಷ್ಟೇ ಬೆಳಗುತ್ತದೆ. ನೆರಳಿನಲ್ಲಿದೆ ಎಂದು ಕಣ್ಣು ಸ್ವಲ್ಪ ಸರಿದೂಗಿಸಿಕೊಳ್ಳುತ್ತದೆ, ಪೂರ್ತಿ ಅಲ್ಲ. ಮೂಲೆಗಳು ಬೂದು ಬಣ್ಣವಾಗಿಯೇ ಕಾಣುತ್ತವೆ. ಒಂದೇ ಡಬ್ಬದ ಬಣ್ಣ ಬಳಿದಾಗ "ಮೇಲೆ ಸ್ವಲ್ಪ ಡಾರ್ಕ್ ಆಗಿದೆಯಲ್ಲ" ಎಂದು ಜನ ಪೇಂಟರನ್ನು ಕೇಳುವುದು ಇದಕ್ಕೇ. ಆತ ಬೇರೆ ಡಬ್ಬ ಬಳಸಿಲ್ಲ.

ಗೋಡೆ ಹಸಿರಾಗಿದ್ದರೆ ಇನ್ನೂ ಒಂದು ತೊಂದರೆ. ಚಾವಣಿಗೆ ಹೋಗುವ ಬೆಳಕು ಆ ಗೋಡೆಯನ್ನು ಮುಟ್ಟಿಯೇ ಹೋಗಬೇಕು. ಗೋಡೆ ಅದರ ಬಹುಪಾಲನ್ನು ನುಂಗಿ, ಉಳಿದದ್ದಕ್ಕೆ ಹಸಿರು ಛಾಯೆ ಹಚ್ಚಿ ಕಳಿಸುತ್ತದೆ. ಗೋಡೆ ಬದಲಿಸಿದ ಮೇಲೆ ಅದೇ ಹೊತ್ತಿಗೆ ಅಳೆದಾಗ ಚಾವಣಿಯ 60 ಏರಿ 90ರ ಹತ್ತಿರ ಬಂತು, ಅದಿನ್ನೂ ಚಾವಣಿಗೆ ಕೈ ಹಚ್ಚುವ ಮೊದಲೇ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ಕೆಂಪು ಗಾರೆ ನೆಲವೂ ಹೀಗೇ ಬಿಳಿ ಚಾವಣಿಗೆ ನಸುಗೆಂಪು ಹಚ್ಚುತ್ತದೆ. ಅಲ್ಲಿ ಮದ್ರಾಸ್ ತಾರಸಿ 12 ಅಡಿಗೂ ಮೇಲಿರುವುದರಿಂದ ಯಾರೂ ಎತ್ತರಕ್ಕೆ ಕೊರಗುವುದಿಲ್ಲ. ಬೇಕಿದ್ದರೆ ಅಂಥ ಕೋಣೆಯಲ್ಲಿ ಚಾವಣಿಯನ್ನು ಗಾಢ ಮಾಡಿ ಕೆಳಗಿಳಿಸಿಕೊಳ್ಳಬಹುದು.

ರಾತ್ರಿಯದು ಬೇರೆ ಕತೆ. ಗೋಡೆಯ ಮೇಲಿನ ಟ್ಯೂಬ್‌ಲೈಟು ಚಾವಣಿಗೂ ಬೆಳಕು ಚೆಲ್ಲುತ್ತದೆ. ಫಾಲ್ಸ್ ಸೀಲಿಂಗಿನಲ್ಲಿ ಹುದುಗಿಸಿದ ದೀಪಗಳು ಕೆಳಕ್ಕೆ ಮಾತ್ರ ಸುರಿಯುತ್ತವೆ, ಆಗ ಎಷ್ಟೇ ಬಿಳಿ ಬಳಿದರೂ ಚಾವಣಿ ಮಬ್ಬು. ಅದರ ಮೇಲೆ ಫಾಲ್ಸ್ ಸೀಲಿಂಗ್ ಆರೆಂಟು ಇಂಚು ಎತ್ತರವನ್ನೇ ತಿನ್ನುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಸುಮಾರು 9 ಅಡಿ ಹೇಳುತ್ತದೆ. ಚಿಕ್ಕಮ್ಮನ ಕೋಣೆಗೆ ಅದರ ಮೇಲೆ ಉಳಿದಿರುವುದು ಬರೀ 3 ಇಂಚು. ಬಣ್ಣದ ಪರಿಣಾಮ ಸಣ್ಣದು. ಆರೆಂಟು ಇಂಚು ಕಳೆದುಕೊಂಡು ಬಣ್ಣದಿಂದ ವಾಪಸ್ ಪಡೆಯುವ ಲೆಕ್ಕ ಕೂಡುವುದಿಲ್ಲ. ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಬೇಡ ಎಂದೆ.

ತೀರ್ಮಾನಕ್ಕೆ ಮುಂಚೆ ಶೇಡ್ ಕಾರ್ಡ್ ನಂಬಬೇಡಿ. ಅದನ್ನು ಕೈಯಲ್ಲಿ ಹಿಡಿದು ನೋಡುವಾಗ ಬೀಳುವ ಬೆಳಕು ಗೋಡೆಯದು, ಚಾವಣಿಯದಲ್ಲ. ಎರಡಡಿ ಚದರದ ದಪ್ಪ ಥರ್ಮೋಕೋಲ್ ಹಾಳೆಗೆ ಬಿಳಿ ಕಾಗದ ಅಂಟಿಸಿ, ನೀರಿನ ಎಮಲ್ಷನ್ ಎರಡು ಕೋಟು ಬಳಿದು, ಒಣಗಿದ ಮೇಲೆ ಟೇಪಿನಿಂದ ಚಾವಣಿಗೆ ಹಚ್ಚಿ. ಬೆಳಗ್ಗೆ, ಸಂಜೆ, ದೀಪ ಹಾಕಿ, ಮೂರು ಸಲ ಬಾಗಿಲ ಬಳಿ ನಿಂತು ನೋಡಿ. ನಾವು ಮಂಚದ ಮೇಲೆ ಮಲಗಿಯೂ ನೋಡಿದೆವು, ಆ ಕೋಣೆಯಲ್ಲಿ ಚಾವಣಿಯನ್ನು ಹೆಚ್ಚು ನೋಡುವುದು ಹಾಗೆಯೇ ತಾನೇ.

ಚಾವಣಿಗೆ ಮ್ಯಾಟ್ ಬಣ್ಣವೇ ಆಗಲಿ. ಹೊಳಪಿದ್ದರೆ ಕಿಟಕಿಯ ಬೆಳಕು ಓರೆಯಾಗಿ ಜಾರಿ ಪುಟ್ಟಿಯ ಪ್ರತಿ ಅಲೆಯನ್ನೂ ಎತ್ತಿ ತೋರಿಸುತ್ತದೆ, ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನ ಮಹಡಿಯ ಬಚ್ಚಲಿಂದ ತೇವ ಇಳಿಯುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಬಿಳಿಯ ಮೇಲೆ ಮೂಡುವ ಹಳದಿ ಕಲೆ ಚಾವಣಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತದೆ.

ಕೊನೆಗೆ ಉಳಿದದ್ದು ಬೀಮು. ಮೇಸ್ತ್ರಿ ಅದಕ್ಕೆ ಗೋಡೆಯ ಬಣ್ಣ ಎಂದರು, ಗೋಡೆಯಿಂದ ಗೋಡೆಗೆ ಹೋಗುತ್ತದೆ ಎಂಬ ಕಾರಣಕ್ಕೆ. ಗೋಡೆಗೆ ಅಂಟಿಕೊಂಡ ಬೀಮಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಇದು ಚಾವಣಿಯ ನಡುವೆ ಇಳಿದು ನಿಂತಿದೆ. ಕೆನೆ ಬಳಿದರೆ ಬಿಳಿ ಚಾವಣಿ ಎರಡು ತುಂಡಾಗಿ, ತಲೆಗೆ ಹತ್ತಿರದ ಭಾಗವೇ ಹೆಚ್ಚು ಗಾಢವಾಗುತ್ತದೆ. ಮೂರೂ ಮುಖಗಳಿಗೆ ಚಾವಣಿಯ ಬಿಳಿಯನ್ನೇ ಹಚ್ಚಿಸಿದೆವು, ಅಟ್ಟದ ಅಡಿಗೂ ಅದೇ. ಗೋಡೆಗೆ 68ರ ಕೆನೆ, ಕಂದು ಫ್ಯಾನಿನ ಜಾಗಕ್ಕೆ ಬಿಳಿ ಫ್ಯಾನು. ಹಸಿರು ಬೇಕೇ ಬೇಕು ಎಂದು ಚಿಕ್ಕಮ್ಮ ಪಟ್ಟು ಹಿಡಿದಿದ್ದರಿಂದ ಅದನ್ನು ವಾರ್ಡ್‌ರೋಬಿನ ಬಾಗಿಲಿಗೆ ಕೊಟ್ಟೆವು. ಅದು 7 ಅಡಿಗೇ ನಿಲ್ಲುತ್ತದೆ, ಮೇಲಿನ ಎರಡಡಿ ಗೋಡೆ ತಿಳಿಯಾಗಿಯೇ ಉಳಿಯಿತು.